ಕಾಣದ ತೀರ್ಪು, ಕೈಯಲ್ಲಿ ಒಂದು ಗಂಟೆ: ಪರೀಕ್ಷೆಯಲ್ಲಿ ಕೇಸ್ ಬ್ರೀಫ್ ಬರೆಯುವ ಬಗೆ

ಪ್ರಶ್ನೆಪತ್ರಿಕೆಯ ಜೊತೆ ಹತ್ತು ಪುಟದ ತೀರ್ಪೊಂದನ್ನು ಕೊಟ್ಟಿರುತ್ತಾರೆ. ತೀರ್ಪಿನ ಸಾರ ಹೇಳುವ ಮೇಲಿನ ಹೆಡ್‌ನೋಟ್ ತೆಗೆದುಹಾಕಿರುತ್ತಾರೆ. ಕೆಳಗೆ ಒಂದೇ ಸಾಲಿನ ಪ್ರಶ್ನೆ: ಈ ತೀರ್ಪಿನ ಫ್ಯಾಕ್ಟ್ಸ್, ಇಶ್ಯೂ, ಹೋಲ್ಡಿಂಗ್ ಮತ್ತು ರೀಸನಿಂಗ್ ಬರೆಯಿರಿ. ಇದನ್ನೇ ಕೇಸ್ ಬ್ರೀಫ್ ಅನ್ನುವುದು. ಲಾ ಕಾಲೇಜಿನ ಇಂಟರ್ನಲ್ ಪರೀಕ್ಷೆಗಳಲ್ಲಿ ಇಂಥದ್ದು ಬರುತ್ತದೆ. ಸುಪ್ರೀಂ ಕೋರ್ಟಿನ ಲಾ ಕ್ಲರ್ಕ್ ಹುದ್ದೆಯ ಲಿಖಿತ ಪರೀಕ್ಷೆಯಲ್ಲೂ ಕೇಸಿನ ಸಾರಾಂಶ ಬರೆಸುತ್ತಾರೆ.

ಇಲ್ಲಿ ಅಂಕ ಹೋಗುವುದು ಇಂಗ್ಲಿಷ್ ಅರ್ಥವಾಗದೆ ಅಂತ ಬಹಳ ಮಂದಿ ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ತೀರ್ಪಿನಲ್ಲಿ ಮಾತಾಡುವವರು ಒಬ್ಬರಲ್ಲ. ವಕೀಲರ ವಾದ ಇರುತ್ತದೆ, ಕೆಳಗಿನ ಕೋರ್ಟ್ ಹೇಳಿದ್ದು ಇರುತ್ತದೆ, ಬೇರೆ ಕೇಸಿನಿಂದ ಎತ್ತಿಕೊಂಡ ಪ್ಯಾರಾ ಇರುತ್ತದೆ, ಅದರ ನಡುವೆ ಈ ಕೋರ್ಟಿನ ಸ್ವಂತ ಮಾತೂ ಇರುತ್ತದೆ. ಯಾವ ಸಾಲು ಯಾರದ್ದು ಅಂತ ಬೇರ್ಪಡಿಸದೆ ಬರೆದವರು ಸೋತ ವಕೀಲರ ವಾದವನ್ನೇ ಕೋರ್ಟಿನ ಕಾರಣ ಅಂತ ಬರೆದುಬಿಡುತ್ತಾರೆ. ಭಾಷೆ ಎಷ್ಟೇ ಚೆನ್ನಾಗಿದ್ದರೂ ಆ ಉತ್ತರಕ್ಕೆ ಅಂಕ ಸಿಗುವುದಿಲ್ಲ. ಹಾಗಾಗಿ ಈ ಮಾರ್ಗದರ್ಶಿ ಪೂರ್ತಿ ಅದರ ಸುತ್ತಲೇ ಇದೆ.

ಉದಾಹರಣೆಗೆ ಒಂದು ನಿಜವಾದ ತೀರ್ಪು ತೆಗೆದುಕೊಳ್ಳೋಣ: ಬಿಜೋ ಇಮ್ಯಾನುಯೆಲ್ ವಿರುದ್ಧ ಕೇರಳ ರಾಜ್ಯ. ಸುಪ್ರೀಂ ಕೋರ್ಟ್ ಇದನ್ನು 1986ರ ಆಗಸ್ಟ್ 11ರಂದು ಕೊಟ್ಟಿತು. ರಾಷ್ಟ್ರಗೀತೆ ಹಾಡದ ಮಕ್ಕಳನ್ನು ಶಾಲೆಯಿಂದ ಹೊರಹಾಕಿದ ಕೇಸು. ನಿಮಗೆ ಇದರ ಹೆಸರು ಮೊದಲೇ ಗೊತ್ತಿದ್ದರೂ ಪರವಾಗಿಲ್ಲ. ಈಗಷ್ಟೇ ಕೈಗೆ ಬಂದಿದೆ ಅಂದುಕೊಂಡು ಓದಿ.

ಮೊದಲು ಗಡಿಯಾರದ ಲೆಕ್ಕ

ಹತ್ತು ಪುಟ ಅಂದರೆ ಸುಮಾರು ನಾಲ್ಕು ಸಾವಿರ ಪದ. ಕಾನೂನಿನ ಇಂಗ್ಲಿಷನ್ನು ನಿಮಿಷಕ್ಕೆ ಇನ್ನೂರು ಪದದಂತೆ ಓದಿದರೂ ಇಪ್ಪತ್ತು ನಿಮಿಷ ಬೇಕು. ಎರಡು ಸಲ ಪೂರ್ತಿ ಓದಿದರೆ ನಲವತ್ತು ನಿಮಿಷ ಓದಿಗೇ ಹೋಯಿತು. ಅಂದರೆ ಎರಡನೇ ಸಲ ಪೂರ್ತಿ ಓದುವ ಆಸೆ ಬಿಡಬೇಕು. ಒಂದೇ ಓದು ಸಾಕಾಗುವಂತೆ ಓದಬೇಕು.

ಒಂದು ಗಂಟೆಯನ್ನು ಹೀಗೆ ಹಂಚಿ. ಮೊದಲ ಐದು ನಿಮಿಷ ಮೇಲೆ ಕೆಳಗೆ ನೋಡುವುದಕ್ಕೆ. ಆಮೇಲೆ ಇಪ್ಪತ್ತು ನಿಮಿಷ ಪೆನ್ಸಿಲ್ ಹಿಡಿದು ಓದುವುದಕ್ಕೆ. ಎಂಟು ನಿಮಿಷ ಇಶ್ಯೂ ಮತ್ತು ಹೋಲ್ಡಿಂಗ್‌ನ ಕಚ್ಚಾ ಸಾಲು ಬರೆದುಕೊಳ್ಳುವುದಕ್ಕೆ. ಇಪ್ಪತ್ತೆರಡು ನಿಮಿಷ ಉತ್ತರಕ್ಕೆ. ಉಳಿದ ಐದು ನಿಮಿಷ ತಿದ್ದುವುದಕ್ಕೆ. ಪರೀಕ್ಷೆ ಶುರುವಾಗಿ ಮೂವತ್ತೈದನೇ ನಿಮಿಷಕ್ಕೂ ಪೆನ್ನು ಉತ್ತರಪತ್ರಿಕೆ ಮುಟ್ಟಿಲ್ಲ ಅಂದರೆ ಓದುವುದನ್ನು ಅಲ್ಲಿಗೇ ನಿಲ್ಲಿಸಿ. ಆ ಹೊತ್ತಿನಲ್ಲಿ ಇನ್ನೊಂದು ಪುಟ ಓದಿ ಸಿಗುವುದಕ್ಕಿಂತ ಒಂದು ಭಾಗ ಖಾಲಿ ಬಿಟ್ಟು ಕಳೆದುಕೊಳ್ಳುವುದೇ ಜಾಸ್ತಿ.

ಕೊನೆಯ ಪುಟದಿಂದ ಶುರು ಮಾಡಿ

ತೀರ್ಪು ಪತ್ತೇದಾರಿ ಕಥೆಯಲ್ಲ. ಕೊನೆ ಮೊದಲೇ ಗೊತ್ತಾದರೆ ನಷ್ಟವೇನೂ ಇಲ್ಲ. ಮೊದಲ ಐದು ನಿಮಿಷದಲ್ಲಿ ಕೊನೆಯ ಎರಡು ಪ್ಯಾರಾ ಓದಿ, ಆಮೇಲೆ ಮೊದಲ ಎರಡು ಪ್ಯಾರಾ ಓದಿ. ಯಾರು ಗೆದ್ದರು, ಕೆಳಗಿನ ಕೋರ್ಟಿನ ಆದೇಶ ಉಳಿಯಿತೋ ಬಿತ್ತೋ, ಕೊನೆಗೆ ಕೋರ್ಟ್ ಏನು ಮಾಡಲು ಹೇಳಿತು, ಇವಿಷ್ಟು ಅಲ್ಲಿ ಸಿಗುತ್ತದೆ.

ನಮ್ಮ ಕೇಸಿನ ಕೊನೆಯಲ್ಲಿ ಹೀಗಿದೆ: ಸಂವಿಧಾನದ 19(1)(ಎ) ಮತ್ತು 25(1)ನೇ ವಿಧಿಗಳ ಅಡಿಯ, ಅಂದರೆ ವಾಕ್ ಸ್ವಾತಂತ್ರ್ಯ ಮತ್ತು ಧರ್ಮ ಸ್ವಾತಂತ್ರ್ಯದ ಹಕ್ಕಿಗೆ ಭಂಗ ಬಂದಿದೆ. ಮೇಲ್ಮನವಿ ಮಂಜೂರು. ಹೈಕೋರ್ಟ್ ತೀರ್ಪು ರದ್ದು. ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳಬೇಕು, ಓದಲು ಅಡ್ಡಿ ಮಾಡಬಾರದು. ಇಷ್ಟು ಗೊತ್ತಾದ ಕೂಡಲೇ ಓದಿನ ರೀತಿಯೇ ಬದಲಾಗುತ್ತದೆ. ಮಕ್ಕಳು ಗೆದ್ದಿದ್ದಾರೆ ಅಂದಮೇಲೆ ಅವರ ವಿರುದ್ಧ ಸಾಗುವ ಪ್ರತಿ ಪ್ಯಾರಾವೂ ಶಿಕ್ಷಣ ಇಲಾಖೆಯ ವಾದ ಆಗಿರಬೇಕು, ಇಲ್ಲವೇ ಹೈಕೋರ್ಟಿನ ಅಭಿಪ್ರಾಯ ಆಗಿರಬೇಕು. ಕೋರ್ಟಿನದ್ದಂತೂ ಅಲ್ಲ. ಮೇಲಿನಿಂದ ಓದುತ್ತಾ ಬಂದವರಿಗೆ ಈ ಅನುಕೂಲ ಇರುವುದಿಲ್ಲ.

ಈ ಐದು ನಿಮಿಷದಲ್ಲೇ ಕೇಸು ಮೇಲೆ ಬಂದ ದಾರಿಯನ್ನೂ ಕಚ್ಚಾ ಹಾಳೆಯಲ್ಲಿ ಒಂದು ಸಾಲಿನಲ್ಲಿ ಗುರುತು ಮಾಡಿಕೊಳ್ಳಿ. ಇಲ್ಲಿ ಆ ದಾರಿ ಹೀಗಿದೆ: ಹೈಕೋರ್ಟಿನಲ್ಲಿ ರಿಟ್ ಅರ್ಜಿ, ಏಕಸದಸ್ಯ ಪೀಠದಲ್ಲಿ ಸೋಲು, ವಿಭಾಗೀಯ ಪೀಠದಲ್ಲಿ ಸೋಲು, 136ನೇ ವಿಧಿಯಡಿ ವಿಶೇಷ ಅನುಮತಿ ಪಡೆದು ಸುಪ್ರೀಂ ಕೋರ್ಟಿಗೆ ಮೇಲ್ಮನವಿ. ಅರ್ಜಿದಾರ, ಮೇಲ್ಮನವಿದಾರ, ಪ್ರತಿವಾದಿ ಅಂತ ಹೆಸರುಗಳು ಕೋರ್ಟಿನಿಂದ ಕೋರ್ಟಿಗೆ ಅದಲುಬದಲು ಆಗುತ್ತವೆ. ಹಾಗಾಗಿ ನಿಮ್ಮ ಹಾಳೆಯಲ್ಲಿ ಆ ಹೆಸರು ಬಳಸಬೇಡಿ. 'ಮಕ್ಕಳು', 'ಇಲಾಖೆ' ಅಂತ ಬರೆದುಕೊಳ್ಳಿ. ಗಡಿಬಿಡಿಯಲ್ಲಿ ತಲೆಕೆಳಗಾಗುವುದು ತಪ್ಪುತ್ತದೆ.

ಪೆನ್ಸಿಲ್ ಓದು: ಈ ಪ್ಯಾರಾದಲ್ಲಿ ಮಾತಾಡುತ್ತಿರುವುದು ಯಾರು?

ಈಗ ಮೊದಲಿನಿಂದ ಓದಿ. ಪ್ರತಿ ಪ್ಯಾರಾದ ಪಕ್ಕದ ಖಾಲಿ ಜಾಗದಲ್ಲಿ ಒಂದೇ ಅಕ್ಷರ ಹಾಕಿ. ನಡೆದ ಸಂಗತಿ ಆಗಿದ್ದರೆ 'ಸಂ'. ವಕೀಲರ ವಾದ ಆಗಿದ್ದರೆ 'ವಾ'. ಕೆಳಗಿನ ಕೋರ್ಟಿನ ಮಾತಾದರೆ 'ಕೆ'. ಬೇರೆ ತೀರ್ಪಿನಿಂದ ತಂದದ್ದಾದರೆ 'ಬೇ'. ಈ ಕೋರ್ಟೇ ಹೇಳುತ್ತಿದ್ದರೆ 'ಕೋ'. ಅಡಿಗೆರೆ ಎಳೆಯುವ ಅಭ್ಯಾಸ ಇದ್ದವರು ಅದನ್ನು 'ಕೋ' ಪ್ಯಾರಾಗಳಿಗೆ ಮಾತ್ರ ಮೀಸಲಿಡಿ. ಸಿಕ್ಕಸಿಕ್ಕಲ್ಲೆಲ್ಲ ಗೆರೆ ಎಳೆದರೆ ಬರೆಯುವ ಹೊತ್ತಿಗೆ ಅದರಿಂದ ಏನೂ ಪ್ರಯೋಜನ ಇಲ್ಲ.

ದನಿ ಬದಲಾಗುವ ಜಾಗ ಹಿಡಿಯಲು ಇಂಗ್ಲಿಷ್ ತೀರ್ಪುಗಳಲ್ಲಿ ಕೆಲವು ಸಿದ್ಧ ಮಾತುಗಳಿವೆ. 'ಇಟ್ ವಾಸ್ ಕಂಟೆಂಡೆಡ್', 'ಲರ್ನೆಡ್ ಕೌನ್ಸಿಲ್ ಸಬ್ಮಿಟೆಡ್' ಅಂತ ಬಂದರೆ ವಾದ ಶುರುವಾಯಿತು. 'ವಿ ಆರ್ ಆಫ್ ದ ವ್ಯೂ', 'ಇನ್ ಅವರ್ ಒಪಿನಿಯನ್', 'ವಿ ಫೈಂಡ್' ಅಂದರೆ ಕೋರ್ಟ್ ಬಾಯಿ ಬಿಟ್ಟಿತು. 'ದ ಕ್ವೆಶ್ಚನ್ ಈಸ್' ಅಂತ ಕಂಡರೆ ಆ ಜಾಗಕ್ಕೆ ನಕ್ಷತ್ರ ಹಾಕಿ. ಕೆಲವು ಜಡ್ಜ್‌ಗಳು ಇಶ್ಯೂವನ್ನು ತಾವೇ ಬಿಡಿಸಿ ಹೇಳಿರುತ್ತಾರೆ, ಅದು ನಿಮ್ಮ ಪುಣ್ಯ.

ಆದರೆ ಎಲ್ಲ ಕಡೆ ಈ ಬೋರ್ಡುಗಳು ಇರುವುದಿಲ್ಲ. ವಾದ ಒಂದು ಪ್ಯಾರಾದಲ್ಲಿ ಶುರುವಾಗಿ ಮೂರು ಪ್ಯಾರಾ ಹಾಗೇ ಮುಂದುವರಿಯಬಹುದು, ಪ್ರತಿ ಸಲವೂ 'ವಕೀಲರು ಹೇಳಿದರು' ಅಂತ ಬರೆದಿರುವುದಿಲ್ಲ. ಅನುಮಾನ ಬಂದಾಗ ಮುಂದಿನ ಪ್ಯಾರಾದ ಮೊದಲ ಪದ ನೋಡಿ. 'ಬಟ್' ಅಥವಾ 'ಹೌಎವರ್' ಅಂತ ಇದ್ದರೆ ಅದರ ಹಿಂದಿನದ್ದು ಹೆಚ್ಚಾಗಿ ಕೋರ್ಟ್ ಒಪ್ಪದ ಮಾತು.

ಬಿಜೋ ಇಮ್ಯಾನುಯೆಲ್ ಕೇಸಿನಲ್ಲಿ ಎಡವುವ ಜಾಗ ಇರುವುದೂ ಇಲ್ಲೇ. ಕೇರಳ ಹೈಕೋರ್ಟ್ ರಾಷ್ಟ್ರಗೀತೆಯ ಪದ ಪದವನ್ನೂ ಬಿಡಿಸಿ ನೋಡಿತ್ತು. ಯಾರ ಧಾರ್ಮಿಕ ಭಾವನೆಗೂ ನೋವಾಗುವಂಥದ್ದು ಅದರಲ್ಲಿ ಏನೂ ಇಲ್ಲ ಅಂತ ಹೇಳಿತ್ತು. ಆ ಭಾಗ ಓದಿದವರು 'ರಾಷ್ಟ್ರಗೀತೆಯ ಸಾಹಿತ್ಯ ಧಾರ್ಮಿಕ ಭಾವನೆಗೆ ಧಕ್ಕೆ ತರುತ್ತದೆಯೇ?' ಅಂತ ಇಶ್ಯೂ ಬರೆಯುವ ಸಾಧ್ಯತೆ ಬಹಳ. ಸುಪ್ರೀಂ ಕೋರ್ಟ್ ಮುಂದಿನ ಸಾಲಲ್ಲೇ ಪ್ರಶ್ನೆ ಅದಲ್ಲವೇ ಅಲ್ಲ, ಹೈಕೋರ್ಟ್ ದಾರಿ ತಪ್ಪಿತು ಅನ್ನುತ್ತದೆ. ಮಕ್ಕಳ ತಕರಾರು ಪದಗಳ ಮೇಲಿರಲಿಲ್ಲ. ಅವರ ನಂಬಿಕೆಯ ಪ್ರಕಾರ ಯಾವ ದೇಶದ ರಾಷ್ಟ್ರಗೀತೆಯನ್ನೂ ಅವರು ಹಾಡುವುದಿಲ್ಲ. ಪಕ್ಕದಲ್ಲಿ 'ಕೆ' ಅಂತ ಒಂದು ಅಕ್ಷರ ಹಾಕಿಕೊಂಡವರು ಈ ಗುಂಡಿಗೆ ಬೀಳುವುದಿಲ್ಲ.

ಇನ್ನು 'ಬೇ' ಪ್ಯಾರಾಗಳು. ಈ ತೀರ್ಪಿನಲ್ಲಿ ಅಮೆರಿಕ, ಆಸ್ಟ್ರೇಲಿಯಾದ ಕೋರ್ಟುಗಳ ಮಾತುಗಳು ಉದ್ದುದ್ದ ಬಂದಿವೆ. 1943ರ ವೆಸ್ಟ್ ವರ್ಜಿನಿಯಾ ವಿರುದ್ಧ ಬಾರ್ನೆಟ್ ಕೇಸು ಅದರಲ್ಲೊಂದು. ಅಲ್ಲಿನ ಮಕ್ಕಳು ಧ್ವಜವಂದನೆ ಮಾಡಲು ಒಪ್ಪಿರಲಿಲ್ಲ. ಇಂಥ ಪ್ಯಾರಾಗಳನ್ನು ಪೂರ್ತಿ ಓದಬೇಡಿ. ಅವುಗಳ ಹಿಂದಿನ ಸಾಲು, ಮುಂದಿನ ಸಾಲು ಓದಿದರೆ ಕೋರ್ಟ್ ಅವನ್ನು ಯಾಕೆ ತಂದಿತು ಅಂತ ತಿಳಿಯುತ್ತದೆ. ಇಪ್ಪತ್ತು ನಿಮಿಷದಲ್ಲಿ ಓದು ಮುಗಿಸಲು ಸಮಯ ಉಳಿಯುವುದೇ ಇಲ್ಲಿ.

ಇಶ್ಯೂ ಮೊದಲು ಬರೆಯಿರಿ, ಫ್ಯಾಕ್ಟ್ಸ್ ಆಮೇಲೆ

ಉತ್ತರಪತ್ರಿಕೆಯಲ್ಲಿ ಫ್ಯಾಕ್ಟ್ಸ್ ಮೊದಲು ಬರುತ್ತದೆ. ಆದರೆ ಕಚ್ಚಾ ಹಾಳೆಯಲ್ಲಿ ಇಶ್ಯೂ ಮೊದಲು ಬರಬೇಕು. ಇಶ್ಯೂ ಗೊತ್ತಿಲ್ಲದೆ ಯಾವ ಸಂಗತಿ ಬೇಕು, ಯಾವುದು ಬೇಡ ಅಂತ ಹೇಗೆ ತೀರ್ಮಾನ ಮಾಡುತ್ತೀರಿ, ಅಲ್ವಾ?

ಇಶ್ಯೂ ಅಂದರೆ ಹೌದು ಅಥವಾ ಇಲ್ಲ ಅಂತ ಉತ್ತರ ಕೊಡಬಹುದಾದ ಒಂದು ಕಾನೂನಿನ ಪ್ರಶ್ನೆ. ಅದರೊಳಗೆ ಮೂರು ಸಂಗತಿ ಇರಬೇಕು: ಯಾವ ಕಾನೂನು, ಯಾರು ಏನು ಮಾಡಿದರು, ಯಾವ ಸನ್ನಿವೇಶದಲ್ಲಿ. ಇದರಲ್ಲಿ ಯಾವುದು ಬಿಟ್ಟುಹೋದರೂ ಪ್ರಶ್ನೆ ಹಿಗ್ಗಿಹೋಗುತ್ತದೆ, ಇಲ್ಲವೇ ಸಾಲದಾಗುತ್ತದೆ.

ನಮ್ಮ ಕೇಸಿಗೆ ಮೂರು ಬಗೆಯಲ್ಲಿ ಬರೆದು ನೋಡೋಣ. ಮೊದಲನೆಯದು: 'ವಾಕ್ ಸ್ವಾತಂತ್ರ್ಯಕ್ಕೆ ಭಂಗ ಬಂದಿದೆಯೇ?' ಇದು ನೂರು ಕೇಸಿಗೆ ಹೊಂದುತ್ತದೆ, ಹಾಗಾಗಿ ಯಾವ ಕೇಸಿಗೂ ಸರಿಯಾಗಿ ಹೊಂದುವುದಿಲ್ಲ. ಎರಡನೆಯದು: 'ಮುಖ್ಯೋಪಾಧ್ಯಾಯಿನಿ ಮಕ್ಕಳನ್ನು ಹೊರಹಾಕಿದ್ದು ಸರಿಯೇ?' ಇಲ್ಲಿ ಸಂಗತಿ ಇದೆ, ಕಾನೂನು ಇಲ್ಲ. ಮೂರನೆಯದು: 'ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಪ್ರಾಮಾಣಿಕ ಧಾರ್ಮಿಕ ನಂಬಿಕೆಯಿಂದ ಹಾಡದ ವಿದ್ಯಾರ್ಥಿಗಳನ್ನು, ಬರೀ ಇಲಾಖಾ ಸುತ್ತೋಲೆಗಳ ಆಧಾರದ ಮೇಲೆ ಶಾಲೆಯಿಂದ ಹೊರಹಾಕಿದರೆ 19(1)(ಎ) ಮತ್ತು 25(1)ನೇ ವಿಧಿಗಳ ಹಕ್ಕುಗಳಿಗೆ ಭಂಗ ಬರುತ್ತದೆಯೇ?' ಇದು ಕೆಲಸಕ್ಕೆ ಬರುವ ಇಶ್ಯೂ. ಸ್ವಲ್ಪ ಉದ್ದವಾಯಿತು, ನಿಜ. ಇಶ್ಯೂ ಒಂದರ ವಿಷಯದಲ್ಲಿ ಮಾತ್ರ ಉದ್ದ ಸಾಲನ್ನು ಕ್ಷಮಿಸಬಹುದು.

ಇದರಲ್ಲಿ 'ಗೌರವದಿಂದ ಎದ್ದು ನಿಂತರೂ', 'ಪ್ರಾಮಾಣಿಕ ಧಾರ್ಮಿಕ ನಂಬಿಕೆಯಿಂದ', 'ಬರೀ ಸುತ್ತೋಲೆಗಳ ಆಧಾರದ ಮೇಲೆ' ಅನ್ನುವ ಮೂರು ತುಂಡುಗಳನ್ನು ಗಮನಿಸಿ. ತೀರ್ಪು ನಿಂತಿರುವುದೇ ಈ ಮೂರರ ಮೇಲೆ. ಮಕ್ಕಳು ಕೂತೇ ಇದ್ದಿದ್ದರೆ ಅಥವಾ ಗಲಾಟೆ ಮಾಡಿದ್ದರೆ ಬೇರೆಯದೇ ಪ್ರಶ್ನೆ. ಶಾಸನಸಭೆ ಒಂದು ಕಾಯ್ದೆ ಮಾಡಿ ಹಾಡಲೇಬೇಕು ಅಂದಿದ್ದರೂ ಬೇರೆ ಪ್ರಶ್ನೆ. ಇಶ್ಯೂ ಸರಿಯಾಗಿದೆಯೇ ಅಂತ ನೋಡಲು ಸುಲಭದ ದಾರಿ ಅಂದರೆ ಅದಕ್ಕೆ 'ಹೌದು, ಯಾಕೆಂದರೆ' ಅಂತ ಉತ್ತರ ಶುರು ಮಾಡಿ ನೋಡುವುದು. ತೀರ್ಪಿನ ಕೊನೆಯ ಆದೇಶ ತಾನಾಗಿಯೇ ಅದರ ಹಿಂದೆ ಬಂದು ಕೂತರೆ ಇಶ್ಯೂ ಸರಿ ಇದೆ.

ಒಂದಕ್ಕಿಂತ ಹೆಚ್ಚು ಇಶ್ಯೂ ಇದ್ದರೆ ನಂಬರ್ ಹಾಕಿ ಬೇರೆ ಬೇರೆ ಬರೆಯಿರಿ, ಹೋಲ್ಡಿಂಗ್‌ಗೂ ಅದೇ ನಂಬರ್ ಹಾಕಿ. ಆದರೆ ವಕೀಲರು ಎತ್ತಿದ ಪ್ರತಿ ಅಂಶವನ್ನೂ ಇಶ್ಯೂ ಮಾಡಬೇಡಿ. ಕೋರ್ಟ್ ಉತ್ತರ ಕೊಟ್ಟದ್ದಷ್ಟೇ ಇಶ್ಯೂ.

ಫ್ಯಾಕ್ಟ್ಸ್: ತೆಗೆದುಹಾಕಿ ನೋಡಿ

ಪ್ರತಿ ಸಂಗತಿಗೂ ಒಂದೇ ಪ್ರಶ್ನೆ ಕೇಳಿ. ಇದು ಇಲ್ಲದಿದ್ದರೂ ಕೋರ್ಟ್ ಇದನ್ನೇ ಹೇಳುತ್ತಿತ್ತೇ? ಹೌದಾದರೆ ಬಿಟ್ಟುಬಿಡಿ, ಅಥವಾ ಅರ್ಧ ಸಾಲಲ್ಲಿ ಮುಗಿಸಿ.

ಮಕ್ಕಳು ಮೂವರು, ಹತ್ತು, ಒಂಬತ್ತು ಮತ್ತು ಐದನೇ ತರಗತಿಯವರು. ತರಗತಿ ಬದಲಾದರೆ ತೀರ್ಪು ಬದಲಾಗುತ್ತಿತ್ತೇ? ಇಲ್ಲ. 'ಮೂವರು ವಿದ್ಯಾರ್ಥಿಗಳು' ಅಂದರೆ ಸಾಕು. ಅವರು ಜೆಹೋವಾಸ್ ವಿಟ್ನೆಸಸ್ ಪಂಥದವರು. ಇದು ಬೇಕೇ ಬೇಕು, 25ನೇ ವಿಧಿಯ ಮಾತು ಬರುವುದೇ ಇದರಿಂದ. ಒಬ್ಬ ಶಾಸಕರು ಇದನ್ನು ಗಮನಿಸಿ ವಿಧಾನಸಭೆಯಲ್ಲಿ ಪ್ರಶ್ನೆ ಎತ್ತಿದರು. ಓದಲು ಸ್ವಾರಸ್ಯವಾಗಿದೆ, ಕಥೆ ಮುಂದೆ ಸಾಗಿದ್ದೂ ಅದರಿಂದಲೇ. ಆದರೆ ತೀರ್ಪಿನ ಕಾರಣದಲ್ಲಿ ಅದಕ್ಕೆ ಜಾಗ ಇಲ್ಲ, ನಾಲ್ಕು ಪದ ಸಾಕು. ವಿಚಾರಣಾ ಆಯೋಗವೊಂದು ಮಕ್ಕಳು ಅಗೌರವ ತೋರಿಲ್ಲ ಅಂತ ವರದಿ ಕೊಟ್ಟಿತು ಅನ್ನುವುದನ್ನು ಇಟ್ಟುಕೊಳ್ಳಿ, ಅಗೌರವದ ಪ್ರಶ್ನೆಗೆ ಅದು ನೇರ ಸಂಬಂಧ. 1985ರ ಜುಲೈ 26ರಿಂದ ಹೊರಹಾಕಿದರು ಅನ್ನುವುದರಲ್ಲಿ ವರ್ಷ ಬರೆದರೆ ಸಾಕು, ದಿನಾಂಕಕ್ಕೆ ಯಾರೂ ಅಂಕ ಕೊಡುವುದಿಲ್ಲ. ಕೇಸು ಹಾಕುವ ಗಡುವಿನ ಪ್ರಶ್ನೆ ಇರುವಂಥ, ದಿನಾಂಕವೇ ಮುಖ್ಯವಾದ ಕೇಸುಗಳಲ್ಲಿ ಮಾತ್ರ ತಾರೀಖನ್ನು ಪೂರ್ತಿ ಬರೆಯಬೇಕು.

ಫ್ಯಾಕ್ಟ್ಸ್ ಭಾಗದ ಕೊನೆಯ ಸಾಲು ಕೇಸು ಮೇಲೆ ಬಂದ ದಾರಿ. ಮೊದಲ ಐದು ನಿಮಿಷದಲ್ಲಿ ಬರೆದಿಟ್ಟುಕೊಂಡಿದ್ದೀರಲ್ಲ, ಅದನ್ನೇ ಇಳಿಸಿ.

ಹೋಲ್ಡಿಂಗ್

ಇಶ್ಯೂಗೆ ಕೊಟ್ಟ ಉತ್ತರವೇ ಹೋಲ್ಡಿಂಗ್. 'ಮೇಲ್ಮನವಿ ಮಂಜೂರಾಯಿತು' ಅನ್ನುವುದು ಹೋಲ್ಡಿಂಗ್ ಅಲ್ಲ, ಅದು ಆದೇಶ. ಎರಡನ್ನೂ ಬರೆಯಿರಿ, ಹೋಲ್ಡಿಂಗ್ ಮೊದಲು. ಇಶ್ಯೂ ಸಾಲನ್ನೇ ಪ್ರಶ್ನೆಯಿಂದ ಹೇಳಿಕೆಗೆ ತಿರುಗಿಸಿದರೆ ಮುಕ್ಕಾಲು ಕೆಲಸ ಆಯಿತು. ಹಾಗೆ ತಿರುಗಿಸುವಾಗ ಹಿಗ್ಗಿಸಬೇಡಿ. 'ರಾಷ್ಟ್ರಗೀತೆ ಹಾಡದಿರುವುದು ಮೂಲಭೂತ ಹಕ್ಕು' ಅಂತ ಬರೆದರೆ ಕೋರ್ಟ್ ಹೇಳಿದ್ದಕ್ಕಿಂತ ಬಹಳ ಜಾಸ್ತಿ ಹೇಳಿದಂತಾಯಿತು.

ರೀಸನಿಂಗ್, ಅಂದರೆ ಕಾರಣಗಳು: ಕೊಂಡಿ ಕೊಂಡಿಯಾಗಿ

ಹೆಚ್ಚು ಅಂಕ ಸಾಮಾನ್ಯವಾಗಿ ಇರುವುದು ಈ ಭಾಗಕ್ಕೆ. ಸಮಯ ಸಾಲದೆ ಸೊರಗುವುದೂ ಇದೇ. 'ಕೋ' ಅಂತ ಗುರುತು ಹಾಕಿದ ಪ್ಯಾರಾಗಳನ್ನು ಮಾತ್ರ ತಿರುಗಿ ನೋಡಿ. ಪ್ರತಿಯೊಂದಕ್ಕೂ ಐದಾರು ಪದದ ಟಿಪ್ಪಣಿ ಬರೆದುಕೊಳ್ಳಿ. ಆಮೇಲೆ ಅವನ್ನು ಒಂದರ ಮೇಲೊಂದು ನಿಲ್ಲುವಂತೆ ಜೋಡಿಸಿ. ತೀರ್ಪಿನಲ್ಲಿ ಬಂದ ಕ್ರಮದಲ್ಲೇ ಬರೆಯಬೇಕೆಂದೇನೂ ಇಲ್ಲ.

ಬಿಜೋ ಇಮ್ಯಾನುಯೆಲ್‌ನಲ್ಲಿ ಸರಪಳಿ ಹೀಗೆ ಸಾಗುತ್ತದೆ. ಮೊದಲ ಪ್ರಶ್ನೆ, ಹಾಡಲೇಬೇಕು ಅನ್ನುವ ಕಾನೂನು ಇದೆಯೇ? ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆಯುವ 1971ರ ಕಾಯ್ದೆಯ 3ನೇ ಸೆಕ್ಷನ್ ಇದೆ. ಆದರೆ ಅದು ಶಿಕ್ಷಿಸುವುದು ಬೇಕೆಂದೇ ಹಾಡುವುದನ್ನು ತಡೆಯುವವರನ್ನು, ಹಾಡುತ್ತಿರುವ ಸಭೆಗೆ ಅಡ್ಡಿ ಮಾಡುವವರನ್ನು. ಸುಮ್ಮನೆ ನಿಂತವರು ಎರಡನ್ನೂ ಮಾಡಿಲ್ಲ. 51ಎ(ಎ) ವಿಧಿ ರಾಷ್ಟ್ರಗೀತೆಯನ್ನು ಗೌರವಿಸಬೇಕು ಅನ್ನುತ್ತದೆ. ಎದ್ದು ನಿಂತರೆ ಗೌರವ ತೋರಿದಂತೆಯೇ, ಹಾಡದಿದ್ದರೆ ಅಗೌರವ ಅನ್ನಲಾಗದು.

ಕಾಯ್ದೆ ಇಲ್ಲ ಅಂದಮೇಲೆ ಉಳಿದದ್ದು ಶಿಕ್ಷಣ ಇಲಾಖೆಯ ಎರಡು ಸುತ್ತೋಲೆ. ಇಲ್ಲಿಂದ ಎರಡನೇ ಕೊಂಡಿ. ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕಬೇಕಾದರೆ 19(2)ನೇ ವಿಧಿಯ ಪ್ರಕಾರ ಅದು 'ಕಾನೂನಿ'ನ ಮೂಲಕವೇ ಆಗಬೇಕು. ಸುತ್ತೋಲೆಗಳಿಗೆ ಶಾಸನದ ಬೆಂಬಲ ಇಲ್ಲ, ಅವು ಇಲಾಖೆಯ ಸೂಚನೆಗಳಷ್ಟೇ. ಹಾಗಾಗಿ ಅವುಗಳ ಮೇಲೆ ಹಕ್ಕನ್ನು ಕಿತ್ತುಕೊಳ್ಳಲಾಗದು. ಬರೀ ಇಲಾಖಾ ಸೂಚನೆ ಕಾನೂನಲ್ಲ ಅಂದಿದ್ದ ಖರಕ್ ಸಿಂಗ್ ಕೇಸನ್ನು ಕೋರ್ಟ್ ತಂದದ್ದು ಇದಕ್ಕೇ.

ಮೂರನೇ ಕೊಂಡಿ ಧರ್ಮದ್ದು. ಒಂದು ನಂಬಿಕೆ ನಮ್ಮ ಬುದ್ಧಿಗೆ ಒಪ್ಪುತ್ತದೆಯೇ ಅಂತ ಕೋರ್ಟ್ ಕೇಳುವುದಿಲ್ಲ. ಅದನ್ನು ಧರ್ಮದ ಭಾಗವಾಗಿ ಪ್ರಾಮಾಣಿಕವಾಗಿ, ಮನಃಸಾಕ್ಷಿಯಿಂದ ನಂಬಿದ್ದಾರೆಯೇ ಅಂತ ಕೇಳುತ್ತದೆ. ಹಾಗಿದ್ದರೆ 25(1)ರ ರಕ್ಷಣೆ ಸಿಗುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಇತ್ಯಾದಿ ಆ ವಿಧಿಯಲ್ಲೇ ಹೇಳಿದ ಮಿತಿಗಳು ಇದ್ದೇ ಇವೆ.

ಇನ್ನು ತೀರ್ಪಿನ ಅತಿ ಹೆಸರುವಾಸಿ ಮಾತು. ನಮ್ಮ ಪರಂಪರೆ ಸಹನೆ ಕಲಿಸುತ್ತದೆ, ನಮ್ಮ ತತ್ತ್ವ ಸಹನೆ ಬೋಧಿಸುತ್ತದೆ, ನಮ್ಮ ಸಂವಿಧಾನ ಸಹನೆಯನ್ನು ಆಚರಿಸುತ್ತದೆ, ಅದನ್ನು ತೆಳುವಾಗಿಸದಿರೋಣ ಅನ್ನುವ ಅರ್ಥದ ಸಾಲುಗಳು. ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಆದರೆ ಅದರ ಮುಂಚೆ ಕೋರ್ಟ್ 'ವಿ ಓನ್ಲಿ ವಿಶ್ ಟು ಆ್ಯಡ್' ಅಂದಿದೆ. ಆದೇಶ ಕೊಟ್ಟಾದ ಮೇಲೆ ಸೇರಿಸಿದ ಮಾತು ಅದು. ಅದನ್ನು ತೆಗೆದರೂ ತೀರ್ಪು ಹಾಗೇ ನಿಲ್ಲುತ್ತದೆ, ಅಂದರೆ ಅದು ಒಬಿಟರ್. ಅದನ್ನು ರೇಷಿಯೊ, ಅಂದರೆ ತೀರ್ಪು ನಿಂತಿರುವ ಕಾರಣ ಅಂತ ಬರೆದರೆ ತಪ್ಪು. ಒಂದು ಸಾಲಿನಲ್ಲಿ 'ಒಬಿಟರ್' ಅಂತ ಹೆಸರಿಸಿ ಬರೆದರೆ ನಿಮಗೆ ವ್ಯತ್ಯಾಸ ಗೊತ್ತಿದೆ ಅಂತ ಮೌಲ್ಯಮಾಪಕರಿಗೂ ಕಾಣುತ್ತದೆ.

ಪೂರ್ತಿ ಉತ್ತರ ಹೀಗಿರಬಹುದು

*ಕೇಸು:* ಬಿಜೋ ಇಮ್ಯಾನುಯೆಲ್ ವಿರುದ್ಧ ಕೇರಳ ರಾಜ್ಯ, ಸುಪ್ರೀಂ ಕೋರ್ಟ್, 1986. ಪೀಠ: ನ್ಯಾಯಮೂರ್ತಿಗಳಾದ ಒ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್.

*ಫ್ಯಾಕ್ಟ್ಸ್:* ಜೆಹೋವಾಸ್ ವಿಟ್ನೆಸಸ್ ಪಂಥದ ಮೂವರು ವಿದ್ಯಾರ್ಥಿಗಳು ಶಾಲೆಯಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಧಾರ್ಮಿಕ ನಂಬಿಕೆಯ ಕಾರಣ ಹಾಡುತ್ತಿರಲಿಲ್ಲ. ವಿಧಾನಸಭೆಯಲ್ಲಿ ಪ್ರಶ್ನೆ ಬಂದ ಮೇಲೆ ನೇಮಿಸಿದ ಆಯೋಗವು ಅವರು ಅಗೌರವ ತೋರಿಲ್ಲ ಎಂದು ವರದಿ ಮಾಡಿತು. ಆದರೂ ಶಿಕ್ಷಣ ಅಧಿಕಾರಿಯ ಸೂಚನೆಯಂತೆ 1985ರಲ್ಲಿ ಅವರನ್ನು ಹೊರಹಾಕಲಾಯಿತು. ಇಲಾಖೆಯ ಆಧಾರ ಎರಡು ಸುತ್ತೋಲೆಗಳು. ಹೈಕೋರ್ಟಿನ ಏಕಸದಸ್ಯ ಪೀಠ ಮತ್ತು ವಿಭಾಗೀಯ ಪೀಠ ಎರಡೂ ಮಕ್ಕಳ ಕೋರಿಕೆ ತಿರಸ್ಕರಿಸಿದವು. ವಿಶೇಷ ಅನುಮತಿಯಿಂದ ಈ ಮೇಲ್ಮನವಿ.

*ಇಶ್ಯೂ:* ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಪ್ರಾಮಾಣಿಕ ಧಾರ್ಮಿಕ ನಂಬಿಕೆಯಿಂದ ಹಾಡದ ವಿದ್ಯಾರ್ಥಿಗಳನ್ನು ಬರೀ ಇಲಾಖಾ ಸುತ್ತೋಲೆಗಳ ಆಧಾರದ ಮೇಲೆ ಹೊರಹಾಕುವುದು 19(1)(ಎ) ಮತ್ತು 25(1)ನೇ ವಿಧಿಗಳ ಉಲ್ಲಂಘನೆಯೇ?

*ಹೋಲ್ಡಿಂಗ್:* ಹೌದು. ಇಂಥ ಹೊರಹಾಕುವಿಕೆ ಎರಡೂ ಹಕ್ಕುಗಳಿಗೆ ಭಂಗ ತರುತ್ತದೆ. ಮೇಲ್ಮನವಿ ಮಂಜೂರು, ಹೈಕೋರ್ಟ್ ತೀರ್ಪು ರದ್ದು, ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಲು ನಿರ್ದೇಶನ.

*ಕಾರಣಗಳು:* ಯಾವ ಕಾನೂನೂ ರಾಷ್ಟ್ರಗೀತೆ ಹಾಡುವುದನ್ನು ಕಡ್ಡಾಯ ಮಾಡಿಲ್ಲ. 1971ರ ಕಾಯ್ದೆಯ 3ನೇ ಸೆಕ್ಷನ್ ತಡೆ ಮತ್ತು ಅಡ್ಡಿಯನ್ನಷ್ಟೇ ಶಿಕ್ಷಿಸುತ್ತದೆ. ಎದ್ದು ನಿಂತಿದ್ದರಿಂದ 51ಎ(ಎ) ಬಯಸುವ ಗೌರವ ಸಂದಿದೆ. ಸುತ್ತೋಲೆಗಳಿಗೆ ಶಾಸನದ ಬಲವಿಲ್ಲ, ಆದ್ದರಿಂದ 19(2)ರ ಅರ್ಥದಲ್ಲಿ ಅವು ಕಾನೂನಲ್ಲ. ಧಾರ್ಮಿಕ ಆಕ್ಷೇಪವನ್ನೂ ಮೀರಿ ಹಾಡಲೇಬೇಕೆಂದು ಅವನ್ನು ಅರ್ಥೈಸಿದರೆ ಅದು ಎರಡೂ ವಿಧಿಗಳಿಗೆ ವಿರುದ್ಧ. 25ನೇ ವಿಧಿಯಡಿ ಮುಖ್ಯವಾದುದು ನಂಬಿಕೆ ಪ್ರಾಮಾಣಿಕವೇ ಎಂಬುದು, ಅದು ನ್ಯಾಯಾಲಯಕ್ಕೆ ಒಪ್ಪಿಗೆಯೇ ಎಂಬುದಲ್ಲ. ಗೀತೆಯ ಪದಗಳನ್ನು ಪರಿಶೀಲಿಸಿದ ಹೈಕೋರ್ಟ್ ತಪ್ಪು ಪ್ರಶ್ನೆ ಕೇಳಿಕೊಂಡಿತು. ಸಹನೆಯ ಕುರಿತ ಕೊನೆಯ ಮಾತುಗಳು ಒಬಿಟರ್.

ಉತ್ತರದಲ್ಲಿ ಇಡೀ ಪ್ಯಾರಾ ಎತ್ತಿ ಬರೆದಿಲ್ಲ, ನೋಡಿ. ಪರೀಕ್ಷೆ ಇಂಗ್ಲಿಷಿನಲ್ಲಿದ್ದರೂ ಕನ್ನಡದಲ್ಲಿದ್ದರೂ ಅಷ್ಟೇ. ಕಾಯ್ದೆಯ ಒಂದು ಪದವೋ ಪದಗುಚ್ಛವೋ ಬೇಕಾದರೆ ಅದನ್ನಷ್ಟೇ ಉದ್ಧರಣ ಚಿಹ್ನೆಯಲ್ಲಿ ಹಾಕಿ.

ಕೊನೆಯ ಐದು ನಿಮಿಷ, ಮತ್ತು ಸಮಯ ಕೈಕೊಟ್ಟರೆ

ತಿದ್ದುವಾಗ ಮೂರೇ ಸಂಗತಿ ನೋಡಿ. ಇಶ್ಯೂ ಎಷ್ಟಿದೆಯೋ ಹೋಲ್ಡಿಂಗ್ ಅಷ್ಟಿದೆಯೇ? ಕಾರಣಗಳ ಭಾಗದ ಪ್ರತಿ ಸಾಲಿನ ಮುಂದೆ 'ಕೋರ್ಟ್ ಹೇಳಿತು' ಅಂತ ಸೇರಿಸಿ ಓದಿದರೆ ನಿಜವಾಗುತ್ತದೆಯೇ? ಕಾರಣಗಳಲ್ಲಿ ಬಂದ ಸಂಗತಿ ಯಾವುದಾದರೂ ಫ್ಯಾಕ್ಟ್ಸ್‌ನಲ್ಲಿ ಬಿಟ್ಟುಹೋಗಿದೆಯೇ? ಮೂರನೆಯದನ್ನು ಬಹಳ ಮಂದಿ ನೋಡುವುದೇ ಇಲ್ಲ. ಕಾರಣಗಳಲ್ಲಿ ಸುತ್ತೋಲೆ ಅಂತ ಬರೆದು, ಫ್ಯಾಕ್ಟ್ಸ್‌ನಲ್ಲಿ ಸುತ್ತೋಲೆಯ ಸುಳಿವೇ ಇಲ್ಲದಿದ್ದರೆ ಓದುವವರಿಗೆ ಅದು ಎಲ್ಲಿಂದ ಬಂತು ಅಂತ ತಿಳಿಯುವುದಿಲ್ಲ.

ಹದಿನೈದೇ ನಿಮಿಷ ಉಳಿದಿದೆ, ಏನೂ ಬರೆದಿಲ್ಲ ಅನ್ನುವ ಸ್ಥಿತಿ ಬಂದರೆ ಕ್ರಮ ಬದಲಿಸಿ. ಮೊದಲು ಇಶ್ಯೂ, ಆಮೇಲೆ ಹೋಲ್ಡಿಂಗ್, ಆಮೇಲೆ ಕಾರಣದ ಎರಡು ಮುಖ್ಯ ಕೊಂಡಿ. ಫ್ಯಾಕ್ಟ್ಸ್‌ಗೆ ಮೇಲೆ ಆರು ಸಾಲು ಜಾಗ ಬಿಟ್ಟು ಕೊನೆಗೆ ತುಂಬಿಸಿ. ಒಳ್ಳೆಯ ಇಶ್ಯೂ ಸಾಲಿನೊಳಗೆ ಅರ್ಧ ಫ್ಯಾಕ್ಟ್ಸ್ ಇದ್ದೇ ಇರುತ್ತದೆ, ಹಾಗಾಗಿ ಅದು ಕುಗ್ಗಿದರೂ ಅಷ್ಟು ನಷ್ಟ ಇಲ್ಲ.

ಒಂದಕ್ಕಿಂತ ಹೆಚ್ಚು ಜಡ್ಜ್‌ಗಳು ಬೇರೆ ಬೇರೆ ಬರೆದ ತೀರ್ಪು ಬಂದರೆ ಮೊದಲ ಐದು ನಿಮಿಷದಲ್ಲಿ ತಲೆ ಎಣಿಸಿ. ಆದೇಶ ಒಂದೇ ಇದ್ದು ಕಾರಣ ಬೇರೆ ಇರಬಹುದು. 2017ರ ಶಾಯರಾ ಬಾನೊ ಕೇಸಿನಲ್ಲಿ ತ್ರಿವಳಿ ತಲಾಖ್ ವಿರುದ್ಧ ಮೂವರು ಜಡ್ಜ್‌ಗಳಿದ್ದರು. ಅವರಲ್ಲಿ ಇಬ್ಬರದು ಒಂದು ಕಾರಣ, ಮತ್ತೊಬ್ಬರದು ಬೇರೆ. ಅಲ್ಲಿ 'ಬಹುಮತದ ಕಾರಣ' ಅಂತ ಒಂದೇ ಪ್ಯಾರಾ ಬರೆದರೆ ತಪ್ಪಾಗುತ್ತದೆ, ಎರಡನ್ನೂ ಬೇರೆ ಬೇರೆ ಬರೆಯಬೇಕು. ಇಬ್ಬರೇ ಇದ್ದು ಭಿನ್ನಮತ ಬಂದರೆ ಹೋಲ್ಡಿಂಗ್ ಅನ್ನುವುದೇ ಇರುವುದಿಲ್ಲ. ಕರ್ನಾಟಕದ ಹಿಜಾಬ್ ಪ್ರಕರಣದಲ್ಲಿ 2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಿಂದ ಬಂದದ್ದು ಅಂಥ ಭಿನ್ನ ತೀರ್ಪು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ವಜಾ ಮಾಡಿದರು, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಮಂಜೂರು ಮಾಡಿದರು. ಧುಲಿಯಾ ಅವರು ಬಿಜೋ ಇಮ್ಯಾನುಯೆಲ್ ತೀರ್ಪನ್ನು ಆಧರಿಸಿದರು. ಇಂಥದ್ದು ಪರೀಕ್ಷೆಗೆ ಬಂದರೆ ಹೋಲ್ಡಿಂಗ್ ಜಾಗದಲ್ಲಿ 'ಭಿನ್ನ ತೀರ್ಪು, ಸೂಕ್ತ ಪೀಠ ರಚಿಸಲು ಮುಖ್ಯ ನ್ಯಾಯಮೂರ್ತಿಯವರ ಮುಂದಿಡಲು ಆದೇಶ' ಅಂತ ಬರೆಯಿರಿ. ಕಾರಣಗಳ ಭಾಗವನ್ನು ಎರಡು ಮಾಡಿ ಒಬ್ಬೊಬ್ಬರ ಹೆಸರಿನ ಕೆಳಗೆ ಇಡಿ.